ಒಂದೇ ಫೋಟೊ, ಹದಿನಾಲ್ಕು ಪ್ರಶ್ನೆ: ಉತ್ತರದ ನಂಬರು ಜಾರದಂತೆ ನೋಡಿಕೊಳ್ಳುವುದು ಹೇಗೆ?

ಶಿರಸಿಯಲ್ಲಿ ಮನೆಪಾಠ ಹೇಳುವ ನನಗೆ ಮಳೆಗಾಲ ಅಂದರೆ ಫೋಟೊಗಳ ಕಾಲ. ಮಳೆ ಜೋರಾಗಿ ಶಾಲೆಗೆ ರಜೆ ಕೊಟ್ಟರೆ ಸಿದ್ದಾಪುರ ಕಡೆಯ ಮಕ್ಕಳಾಗಲಿ, ಯಲ್ಲಾಪುರ ರಸ್ತೆಯವರಾಗಲಿ ಪೇಟೆಗೆ ಬರುವುದಿಲ್ಲ. ಬದಲಿಗೆ ಆಯಿಯ ಫೋನಿನಿಂದ ಪ್ರಶ್ನೆಪತ್ರಿಕೆಯ ಒಂದು ಫೋಟೊ ಬರುತ್ತದೆ. ಕೆಳಗೆ ಒಂದೇ ಸಾಲು: "ಅಕ್ಕೋರೆ, ಎಲ್ಲದಕ್ಕೂ ಉತ್ತರ ಬೇಕಿತ್ತು."

ಲೆಕ್ಕ ಬಿಡಿಸುವುದು ಕಷ್ಟವಲ್ಲ. ಯಾವ ಉತ್ತರ ಯಾವ ಪ್ರಶ್ನೆಯದ್ದು ಅನ್ನುವುದೇ ಕಷ್ಟ. ಹೋದ ವರ್ಷ ಒಂದು ರಾತ್ರಿ ಹತ್ತನೇ ತರಗತಿಯ ಹುಡುಗಿಯೊಬ್ಬಳಿಗೆ ಹದಿನಾಲ್ಕು ಉತ್ತರ ಕಳಿಸಿ ಮಲಗಿದೆ. ಬೆಳಿಗ್ಗೆ ನೋಡಿದರೆ ಮೆಸೇಜು: "ಅಕ್ಕೋರೆ, sin 30° + cos 60° ಗೆ 440 ಚದರ ಸೆಂ.ಮೀ. ಹೆಂಗೆ ಬಂತು?"

ಆ ಹಾಳೆಯನ್ನೇ ಇಟ್ಟುಕೊಂಡು ಹೇಳುತ್ತೇನೆ. ಇಂಥ ಫೋಟೊದಲ್ಲಿ ಆಗುವ ತಪ್ಪುಗಳಲ್ಲಿ ಹೆಚ್ಚಿನವು ಅದೊಂದರಲ್ಲೇ ಆಗಿದ್ದವು.

ಆ ಹಾಳೆಯಲ್ಲಿ ಆದದ್ದು

ಅದು 20 ಅಂಕಗಳ ಗಣಿತದ ಕಿರುಪರೀಕ್ಷೆ. ಕಾಗದ ಉಳಿಸಲು ಎರಡು ಕಾಲಂನಲ್ಲಿ ಟೈಪ್ ಮಾಡಿ ಜೆರಾಕ್ಸ್ ತೆಗೆದಿದ್ದರು. ಮೊದಲ ವಿಭಾಗದ ತಲೆಯಲ್ಲಿ 8 × 1 = 8 ಅಂತಿತ್ತು, ಎರಡನೆಯದರಲ್ಲಿ 6 × 2 = 12. ಹುಡುಗಿ ಹಾಳೆಯನ್ನು ಉದ್ದಕ್ಕೆ ಮಡಚಿ ಪುಸ್ತಕದಲ್ಲಿಟ್ಟಿದ್ದಳು. ಮಡಿಕೆ ಸರಿಯಾಗಿ ಎರಡು ಕಾಲಂಗಳ ನಡುವೆ ಬಿದ್ದಿತ್ತು. ಬಲಗಡೆ ಕಾಲಂನ ನಂಬರುಗಳೆಲ್ಲ ಅಲ್ಲೇ ಇದ್ದವು. ಫೋಟೊದಲ್ಲಿ ಅಲ್ಲೊಂದು ಕಪ್ಪು ಪಟ್ಟಿ ಬಿಟ್ಟರೆ ಏನೂ ಕಾಣಿಸಲಿಲ್ಲ. ಕೆಳಗಿನ 12, 13, 14 ಮಾತ್ರ ಓದುವಂತಿದ್ದವು.

ನಾನು ಏನು ಮಾಡಿದೆ ಅಂದರೆ, ಕಾಣದ ನಂಬರುಗಳನ್ನು ನಾನೇ ಎಣಿಸಿಕೊಂಡು ಹೋದೆ. ಎಡ ಕಾಲಂನ ಕೊನೆಯಲ್ಲಿ ಏಳನೇ ಪ್ರಶ್ನೆ: "ಒಂದು ಸಿಲಿಂಡರಿನ ಪಾದದ ತ್ರಿಜ್ಯ 7 ಸೆಂ.ಮೀ., ಎತ್ತರ 10 ಸೆಂ.ಮೀ. ಇದೆ." ಅಲ್ಲಿಗೆ ಕಾಲಂ ಮುಗಿಯಿತು. ಏನು ಕೇಳಿದ್ದಾರೆ ಅಂತಲೇ ಇಲ್ಲ. ಘನಫಲ ಇರಬೇಕು ಅಂದುಕೊಂಡು 1540 ಘನ ಸೆಂ.ಮೀ. ಅಂತ ಬರೆದೆ. ಬಲ ಕಾಲಂನ ಮೇಲ್ಗಡೆ "ಇದರ ವಕ್ರ ಮೇಲ್ಮೈ ವಿಸ್ತೀರ್ಣ ಕಂಡುಹಿಡಿಯಿರಿ" ಅಂತಿತ್ತು. ಅದನ್ನು ಎಂಟನೆಯದು ಅಂದುಕೊಂಡು 440 ಚದರ ಸೆಂ.ಮೀ. ಹಾಕಿದೆ. ಹೀಗೆ ಒಂದು ಪ್ರಶ್ನೆ ಎರಡಾಯಿತು. ಅಲ್ಲಿಂದ ಮುಂದಿನದ್ದೆಲ್ಲ ಒಂದು ಸ್ಥಾನ ಕೆಳಗೆ ಜಾರಿತು. ನಿಜವಾದ ಎಂಟನೇ ಪ್ರಶ್ನೆಯ ಉತ್ತರ 1, ಒಂಬತ್ತಕ್ಕೆ ಹೋಯಿತು. ಒಂಬತ್ತನೆಯದು (0, 0) ಮತ್ತು (6, 8) ಬಿಂದುಗಳ ನಡುವಿನ ದೂರ. ಅದರ ಉತ್ತರ 10 ಮಾನಗಳು, ಹತ್ತಕ್ಕೆ ಹೋಯಿತು.

ಆಮೇಲೆ ಇನ್ನೊಂದು ತಪ್ಪು. ನಿಜವಾದ ಹತ್ತನೇ ಪ್ರಶ್ನೆ x² − 5x + 6 = 0 ಇದರ ಮೂಲಗಳನ್ನು ಕೇಳಿತ್ತು. ಹನ್ನೊಂದನೆಯದು x² + 4x + 4 = 0 ಇದರ ಮೂಲಗಳ ಸ್ವಭಾವವನ್ನು. ಎರಡೂ ವರ್ಗ ಸಮೀಕರಣ, ನಡುವೆ ನಂಬರು ಕಾಣುತ್ತಿಲ್ಲ. ಎರಡನ್ನೂ ಒಂದೇ ಪ್ರಶ್ನೆಯ ಎರಡು ಭಾಗ ಅಂತ ಓದಿ, "11 – 2 ಮತ್ತು 3, ಮೂಲಗಳು ಸಮ" ಅಂತ ಬರೆದೆ. ಮೊದಲು ಒಂದು ಪ್ರಶ್ನೆಯನ್ನು ಎರಡು ಮಾಡಿದ್ದೆ, ಈಗ ಎರಡನ್ನು ಒಂದು ಮಾಡಿದೆ. ಒಂದು ತಪ್ಪು ಇನ್ನೊಂದನ್ನು ಮುಚ್ಚಿಹಾಕಿತು.

ಮೋಸ ಹೋಗಿದ್ದು ಇಲ್ಲೇ. ಮುಂದಿನ ಪ್ರಶ್ನೆಯ ಪಕ್ಕ 12 ಅಂತ ಸ್ಪಷ್ಟವಾಗಿ ಕಾಣುತ್ತಿತ್ತು. ನನ್ನ ಎಣಿಕೆಯೂ 12. ಕೊನೆಗೆ ಎಣಿಸಿದರೂ ಹದಿನಾಲ್ಕಕ್ಕೆ ಹದಿನಾಲ್ಕು. ಸರಿ ಇದೆ ಅಂತ ಕಳಿಸಿಬಿಟ್ಟೆ. ನಡುವಿನ ಐದು ನಂಬರು, 7ರಿಂದ 11ರವರೆಗೆ, ಪೂರಾ ಹಾಳಾಗಿದ್ದವು. ಅದಕ್ಕೇ ಹೇಳುವುದು, ಒಟ್ಟು ಲೆಕ್ಕ ಸರಿ ಬಂದರೆ ನಂಬರು ಸರಿ ಇದೆ ಅಂತಲ್ಲ.

ಫೋಟೊ ತೆಗೆಯುವವರು ನೋಡಬೇಕಾದದ್ದು ಎಡ ಅಂಚು

ಮಕ್ಕಳು ಫೋಟೊ ತೆಗೆಯುವಾಗ ಪ್ರಶ್ನೆ ಓದಲು ಬರುತ್ತದಾ ಅಂತ ಮಾತ್ರ ನೋಡುತ್ತಾರೆ. ನಂಬರು ಇರುವುದು ಅಂಚಿನಲ್ಲಿ. ಹಾಳೆ ಹಿಡಿದ ಹೆಬ್ಬೆರಳು ಬರುವುದೂ ಅಲ್ಲೇ, ಪುಸ್ತಕವಾದರೆ ಹೊಲಿಗೆಯ ಕಡೆ ಬಗ್ಗುವುದೂ ಅಲ್ಲೇ. ಹಾಗಾಗಿ ನಮ್ಮ ಮಕ್ಕಳಿಗೆ ನಾನು ಹೇಳುವುದು ಇಷ್ಟು: ಹಾಳೆಯನ್ನು ಕೈಯಲ್ಲಿ ಹಿಡಿಯಬೇಡಿ. ಮಡಿಕೆಯನ್ನು ಹಿಂದಕ್ಕೊಮ್ಮೆ ಮಡಚಿ ನೇರ ಮಾಡಿ, ಜಗಲಿಯಲ್ಲಿ ಬೆಳಕು ಬೀಳುವ ಕಡೆ ನೆಲದ ಮೇಲಿಡಿ. ಬಲಗಡೆಯ ಮೂಲೆಗೆ ಕಂಪಾಸ್ ಪೆಟ್ಟಿಗೆ ಇಟ್ಟರೆ ಹಾಳೆ ಹಾರುವುದಿಲ್ಲ. ಫ್ಲಾಶ್ ಬೇಡ, ಅದು ನಡುವೆ ಬಿಳಿ ಮಚ್ಚೆ ಮಾಡುತ್ತದೆ. ಫೋನನ್ನು ಹಾಳೆಯ ನೆತ್ತಿಯ ಮೇಲೆ ಸಮವಾಗಿ ಹಿಡಿದು, ನಾಲ್ಕೂ ಅಂಚು ಒಳಗೆ ಬರುವಂತೆ ತೆಗೆಯಿರಿ. ಕಳಿಸುವ ಮೊದಲು ದೊಡ್ಡದು ಮಾಡಿ ನಂಬರುಗಳನ್ನು ಮಾತ್ರ ಮೇಲಿಂದ ಕೆಳಗೆ ಓದಿಕೊಂಡು ಹೋಗಿ. ಒಂದು ಓದಲು ಬರದಿದ್ದರೂ ಇನ್ನೊಮ್ಮೆ ತೆಗೆಯಿರಿ.

ವಾಟ್ಸಾಪ್‌ನಲ್ಲಿ ಮಾಮೂಲಿ ಫೋಟೊ ಆಗಿ ಕಳಿಸಿದರೆ ಅದು ಕುಗ್ಗುತ್ತದೆ. ಅಕ್ಷರ ಹೇಗೋ ಓದಬಹುದು. ಅಂದಾಜಿಗೆ ಸಿಗದೇ ಇರುವುದು ಅಂಕಿ: 3 ಮತ್ತು 8, 1 ಮತ್ತು 7. ಕನ್ನಡ ಅಂಕಿಯಾದರೆ ೨ ಮತ್ತು ೩, ೬ ಮತ್ತು ೯. ನೆಟ್‌ವರ್ಕ್ ಇದ್ದರೆ ಡಾಕ್ಯುಮೆಂಟ್ ಆಗಿ ಕಳಿಸುವುದು ಒಳ್ಳೆಯದು, ಆಗ ಕುಗ್ಗುವುದಿಲ್ಲ. ಘಟ್ಟದ ಕೆಳಗಿನ ಕೆಲವು ಊರುಗಳಲ್ಲಿ ಅಷ್ಟು ದೊಡ್ಡ ಫೈಲು ಹೋಗುವುದೇ ಇಲ್ಲ. ಅಂಥವರು ಅರ್ಧ ಹಾಳೆಯಂತೆ ಎರಡು ಫೋಟೊ ತೆಗೆಯಲಿ. ಮೊದಲ ಫೋಟೊದ ಕೊನೆಯ ಪ್ರಶ್ನೆ ಎರಡನೆಯದರಲ್ಲೂ ಬರಬೇಕು. ಅದಿಲ್ಲದಿದ್ದರೆ ನಡುವೆ ಒಂದು ಪ್ರಶ್ನೆ ಬಿಟ್ಟುಹೋದರೂ ಗೊತ್ತಾಗುವುದಿಲ್ಲ.

ಹಾಳೆಯ ತಲೆಭಾಗವನ್ನು ಕತ್ತರಿಸಬಾರದು. ಸಿಇಟಿ ತಯಾರಿ ಮಾಡುವ ಪಿಯು ಮಕ್ಕಳಿಗಂತೂ ಇದು ಬಹಳ ಮುಖ್ಯ. ಅಲ್ಲಿ ವರ್ಷನ್ ಕೋಡ್ ಬದಲಾದರೆ ಪ್ರಶ್ನೆಗಳ ಕ್ರಮವೇ ಬೇರೆ. ಕೋಡ್ ಗೊತ್ತಿಲ್ಲದೆ ಕಾರವಾರದ ಗೆಳತಿಯ ಉತ್ತರಪಟ್ಟಿ ನೋಡಿ ತಾಳೆ ಹಾಕಿದರೆ ಸುಮ್ನೆ ಅಳಬೇಕಾಗುತ್ತದೆ.

ಉತ್ತರಕ್ಕೆ ಮೊದಲು ಬರೀ ನಂಬರಿನ ಪಟ್ಟಿ

ಫೋಟೊ ಬಂದ ಕೂಡಲೇ ಮೊದಲ ಲೆಕ್ಕ ಬಿಡಿಸಲು ಹೊರಡಬೇಡಿ. ಒಂದು ರಫ್ ಹಾಳೆ ತೆಗೆದುಕೊಂಡು ಪ್ರತಿ ಪ್ರಶ್ನೆಯ ನಂಬರು ಮತ್ತು ಅದರ ಗುರುತಿನ ಎರಡು ಮೂರು ಪದ ಬರೆಯಿರಿ. ಉತ್ತರ ಬೇಡ. ಆ ಹಾಳೆಯ ಪಟ್ಟಿಯನ್ನು ನಾನು ಆಮೇಲೆ ಹೀಗೆ ಮಾಡಿಕೊಂಡೆ:

7 – ಸಿಲಿಂಡರ್, ವಕ್ರ ಮೇಲ್ಮೈ
(8) – sin 30° + cos 60°
ಇಲ್ಲಿ ಗೆರೆ, ವಿಭಾಗ II
(9) – ಎರಡು ಬಿಂದುಗಳ ದೂರ
(10) – x² − 5x + 6, ಮೂಲ
(11) – x² + 4x + 4, ಸ್ವಭಾವ
12 – 3, 7, 11… ಹತ್ತನೇ ಪದ

ಕಣ್ಣಿಗೆ ಕಂಡ ನಂಬರನ್ನು ಹಾಗೇ ಬರೆಯಿರಿ. ನೀವೇ ಊಹಿಸಿದ್ದಕ್ಕೆ ಆವರಣ ಹಾಕಿ. ಇದು ಸಣ್ಣ ವಿಷಯದಂತೆ ಕಾಣುತ್ತದೆ. ಆದರೆ ಕಂಡದ್ದು ಯಾವುದು, ಅಂದಾಜು ಯಾವುದು ಅಂತ ಬೇರೆ ಮಾಡದೇ ಇದ್ದದ್ದೇ ಆ ರಾತ್ರಿ ನನ್ನ ನಿಜವಾದ ತಪ್ಪು.

ಪಟ್ಟಿ ಮಾಡುವಾಗ ಕಾಲಂ ಗಮನಿಸಿ. ಎಡಗಡೆಯದ್ದನ್ನು ಕೆಳಗಿನವರೆಗೆ ಮುಗಿಸಿ ಆಮೇಲೆ ಬಲಕ್ಕೆ ಹೋಗಬೇಕು. ಕೆಲವು ಪತ್ರಿಕೆಯಲ್ಲಿ ಮಾತ್ರ 1 ಎಡಕ್ಕೆ, 2 ಬಲಕ್ಕೆ, 3 ಮತ್ತೆ ಎಡಕ್ಕೆ ಇರುತ್ತದೆ. 1ರ ಕೆಳಗೆ ಯಾವ ನಂಬರಿದೆ ಅಂತ ನೋಡಿದರೆ ಗೊತ್ತಾಗುತ್ತದೆ. ಇನ್ನೊಂದು ಗೊಂದಲ ಅಂಕಗಳದ್ದು. ಎಡ ಕಾಲಂನ ಪ್ರಶ್ನೆ ಮುಗಿಯುವಲ್ಲಿ ಅಂಕ 2 ಅಂತ ಬರೆದಿರುತ್ತಾರೆ, ಅದು ಬಲ ಕಾಲಂನ ನಂಬರಿಗೆ ತಾಗಿಕೊಂಡೇ ಇರುತ್ತದೆ. ಮಸುಕು ಫೋಟೊದಲ್ಲಿ ಅಂಕ 2, ಪ್ರಶ್ನೆ 9 ಸೇರಿ 29 ಆದದ್ದನ್ನೂ ನೋಡಿದ್ದೇನೆ.

ಕಾಲಂ ಬದಲಾಗುವ ಜಾಗದಲ್ಲಿ, ಪುಟ ತಿರುಗುವ ಜಾಗದಲ್ಲಿ ಒಂದು ಕ್ಷಣ ನಿಲ್ಲಿ. ಮೇಲಿನ ಸಾಲು "ಇದರ", "ಆಗ", "ಹಾಗಾದರೆ" ಅಂತ ಶುರುವಾಗಿ ನಂಬರು ಕಾಣದಿದ್ದರೆ ಅದು ಹೊಸ ಪ್ರಶ್ನೆಯಲ್ಲ, ಹಿಂದಿನದರ ಬಾಲ. ಹಾಗೆಯೇ ಒಂದು ಪ್ರಶ್ನೆ ಬರೀ ಮಾಹಿತಿ ಕೊಟ್ಟು, ಏನನ್ನೂ ಕೇಳದೆ ಮುಗಿದರೆ ಅದು ಮುಗಿದಿಲ್ಲ. ಕನ್ನಡದಲ್ಲಿ ಕೇಳುವ ಪದ ಸಾಮಾನ್ಯವಾಗಿ ಕೊನೆಗೆ ಬರುತ್ತದೆ, ಅಲ್ವಾ? "ಕಂಡುಹಿಡಿಯಿರಿ", "ತಿಳಿಸಿ", "ಎಷ್ಟು?" ಇವುಗಳನ್ನು ಎಣಿಸಿದರೆ ಪ್ರಶ್ನೆ ಎಷ್ಟಿವೆ ಅಂತ ನಂಬರೇ ಇಲ್ಲದಿದ್ದರೂ ತಿಳಿಯುತ್ತದೆ. ನನ್ನ ಏಳನೇ ಪ್ರಶ್ನೆಗೆ ಅಂಥ ಪದ ಇರಲೇ ಇಲ್ಲ. ಹನ್ನೊಂದು ಅಂದುಕೊಂಡದ್ದಕ್ಕೆ ಎರಡಿದ್ದವು.

"ಅಥವಾ" ಬಂದರೆ ಎರಡೂ ಆಯ್ಕೆ ಒಂದೇ ನಂಬರಿನವು. ಪಟ್ಟಿಯಲ್ಲಿ ಒಂದೇ ಸಾಲು. ಚಿತ್ರ ಒಂದೇ ಇದ್ದು ಎರಡು ಪ್ರಶ್ನೆ ಅದರ ಮೇಲೆ ಇದ್ದರೆ ಎರಡು ಸಾಲು.

ವಿಭಾಗದ ಲೆಕ್ಕ ತಾಳೆ ಹಾಕಿ

ಒಟ್ಟು ಲೆಕ್ಕ ಸಾಲದು ಅಂದೆನಲ್ಲ, ಹಾಗಾದರೆ ಏನನ್ನು ನೋಡಬೇಕು? ವಿಭಾಗದ ತಲೆಯಲ್ಲಿರುವ ಗುಣಾಕಾರವನ್ನು. 8 × 1 = 8 ಅಂದರೆ ಆ ತಲೆಬರಹದ ಕೆಳಗೆ ಎಂಟೇ ಪ್ರಶ್ನೆ ಇರಬೇಕು. ನನ್ನ ತಪ್ಪು ಎಣಿಕೆಯಲ್ಲಿ ವಿಭಾಗ II ಶುರುವಾಗುವ ಮೊದಲು ಒಂಬತ್ತು ಪ್ರಶ್ನೆ ಆಗಿದ್ದವು, ಆಮೇಲೆ ಐದು. ಒಂಬತ್ತು ಮತ್ತು ಐದು ಕೂಡಿದರೂ ಹದಿನಾಲ್ಕೇ. ಎಂಟು ಮತ್ತು ಆರು ಆಗಬೇಕಿತ್ತು. ಪಟ್ಟಿಯಲ್ಲಿ ವಿಭಾಗ ಬದಲಾಗುವಲ್ಲಿ ಒಂದು ಗೆರೆ ಎಳೆದಿದ್ದರೆ ಅರ್ಧ ನಿಮಿಷದಲ್ಲಿ ಸಿಕ್ಕಿಬೀಳುತ್ತಿತ್ತು.

ಎಸ್ಸೆಸ್ಸೆಲ್ಸಿ ಗಣಿತದ ಪತ್ರಿಕೆ 80 ಅಂಕದ್ದು. ಪ್ರಶ್ನೆಗಳು 38, ನಂಬರು ಮೊದಲಿಂದ ಕೊನೆಯವರೆಗೆ ಒಂದೇ ಓಟ. ಅದು ಸುಲಭ. ಊರಿನಲ್ಲಿ ಟೈಪ್ ಮಾಡಿಸಿದ ಕಿರುಪರೀಕ್ಷೆಗಳಲ್ಲಿ ಪ್ರತಿ ವಿಭಾಗಕ್ಕೂ ಮತ್ತೆ 1ರಿಂದ ಶುರು ಮಾಡುತ್ತಾರೆ. ಅಲ್ಲಿ ಬರೀ "3" ಅಂದರೆ ಅರ್ಥವಿಲ್ಲ, "II-3" ಅಂತಲೇ ಬರೆಯಬೇಕು. ಕೆಲವೊಮ್ಮೆ ಮುದ್ರಣದಲ್ಲೇ 9 ಎರಡು ಸಲ ಬಂದಿರುತ್ತದೆ, ಇಲ್ಲವೇ 6 ಆದ ಮೇಲೆ 8. ಅದನ್ನು ತಿದ್ದುವ ಚಪಲ ಬೇಡ. ಮಗುವಿನ ಕೈಯಲ್ಲಿರುವ ಹಾಳೆಯಲ್ಲಿ ತಪ್ಪು ನಂಬರೇ ಇದೆ. ನೀವು ಸರಿ ಮಾಡಿದರೆ ಇಬ್ಬರ ನಂಬರು ಬೇರೆ ಬೇರೆ ಆಗುತ್ತದೆ. "9 (ಮೊದಲನೆಯದು)", "9 (ಎರಡನೆಯದು)" ಅಂತ ಬರೆದರೆ ಮುಗಿಯಿತು.

ಉತ್ತರದ ಜೊತೆ ಪ್ರಶ್ನೆಯ ಗುರುತೂ ಹೋಗಲಿ

ಈಗ ಉತ್ತರ ಬರೆಯಿರಿ. ಪ್ರತಿ ಉತ್ತರಕ್ಕೂ ನಂಬರು, ಗುರುತಿನ ಪದ, ಆಮೇಲೆ ಉತ್ತರ:

ಪ್ರ 8 – sin 30° + cos 60° – ½ + ½ = 1
ಪ್ರ 9 – ಬಿಂದುಗಳ ದೂರ – √(36 + 64) = 10 ಮಾನಗಳು

ಹೀಗೆ ಬರೆದರೆ ನಂಬರು ತಪ್ಪಿದರೂ ಮಗು ತಾನೇ ಹುಡುಕಿಕೊಳ್ಳುತ್ತದೆ. ಓದಲು ಬರದ ಪ್ರಶ್ನೆಯ ಸಾಲನ್ನು ಬಿಟ್ಟುಬಿಡಬೇಡಿ. "ಪ್ರ 6 – ಕಾಣುತ್ತಿಲ್ಲ, ಈ ಸಾಲಿನ ಫೋಟೊ ಮಾತ್ರ ಕಳಿಸು" ಅಂತ ಬರೆದು ಜಾಗ ಹಿಡಿದಿಡಿ.

ಬಹು ಆಯ್ಕೆಯಲ್ಲಿ ಬರೀ ಅಕ್ಷರ ಕಳಿಸುವುದು ಎಲ್ಲಕ್ಕಿಂತ ಅಪಾಯ. ಸರಿ ಉತ್ತರಗಳು ಕ್ರಮವಾಗಿ ಬಿ, ಸಿ, ಸಿ, ಎ, ಡಿ, ಡಿ, ಬಿ, ಎ ಅಂತಿಟ್ಟುಕೊಳ್ಳಿ. ಎರಡನೆಯದನ್ನು ಬಿಟ್ಟು ಉಳಿದವನ್ನು ಒಂದೊಂದು ಮೇಲೆ ಬರೆದಿರಿ ಅಂದರೆ ಬಿ, ಸಿ, ಎ, ಡಿ, ಡಿ, ಬಿ, ಎ ಆಗುತ್ತದೆ. 1, 2 ಮತ್ತು 5 ಆಗಲೂ ಸರಿ ಇರುತ್ತವೆ! ಅಕ್ಕಪಕ್ಕದಲ್ಲಿ ಒಂದೇ ಅಕ್ಷರ ಎಲ್ಲೆಲ್ಲಿ ಇದೆಯೋ ಅಲ್ಲೆಲ್ಲ ಜಾರಿದ್ದು ಅಡಗಿಬಿಡುತ್ತದೆ. ಅಲ್ಲೊಂದು ಇಲ್ಲೊಂದು ಸರಿ ಇರುವುದರಿಂದ ಮಗು ತನಗೇ ಲೆಕ್ಕ ಬರುವುದಿಲ್ಲ ಅಂದುಕೊಳ್ಳುತ್ತದೆ, ಪಟ್ಟಿಯನ್ನು ಅನುಮಾನಿಸುವುದಿಲ್ಲ. "ಪ್ರ 1 – ಬಿ – 4" ಅಂತ ಅಕ್ಷರದ ಜೊತೆ ಬೆಲೆಯನ್ನೂ ಬರೆದರೆ, ಆಯ್ಕೆಗಳಲ್ಲಿ 4 ಇಲ್ಲದ ಕೂಡಲೇ ಗೊತ್ತಾಗುತ್ತದೆ. ಧ್ವನಿ ಸಂದೇಶದಲ್ಲಂತೂ ಅಕ್ಷರ ಹೇಳಲೇಬೇಡಿ. ಮಳೆಯ ಸದ್ದಿನಲ್ಲಿ ಬಿ ಮತ್ತು ಡಿ ಒಂದೇ ಥರ ಕೇಳುತ್ತವೆ.

ಕಂಪ್ಯೂಟರಿನಲ್ಲಿ ಟೈಪ್ ಮಾಡುವವರಿಗೆ ಇನ್ನೊಂದು ಕಾಟ ಇದೆ. ವರ್ಡ್‌ನಲ್ಲಿ ಅಂಕಿ, ಚುಕ್ಕೆ, ಖಾಲಿ ಜಾಗ ಅಂತ ಶುರು ಮಾಡಿದರೆ ಅದು ತಾನೇ ಪಟ್ಟಿ ಮಾಡಿ ಮುಂದಿನ ನಂಬರು ಹಾಕುತ್ತದೆ. ನಡುವಿನ ಒಂದು ಸಾಲು ಅಳಿಸಿದರೆ ಕೆಳಗಿನ ಎಲ್ಲ ನಂಬರೂ ಸದ್ದಿಲ್ಲದೆ ಒಂದೊಂದು ಕಡಿಮೆ ಆಗುತ್ತವೆ. ವಾಟ್ಸಾಪ್ ಕೂಡ ಹಾಗೆ ಬರೆದದ್ದನ್ನು ಪಟ್ಟಿ ಮಾಡುತ್ತದೆ. "ಪ್ರ" ಅಂತ ಅಕ್ಷರದಿಂದ ಶುರು ಮಾಡಿದರೆ ಈ ಕಾಟ ಇಲ್ಲ. ನಾನು "ಪ್ರ" ಹಾಕುವುದು ಅದಕ್ಕೇ.

ಕಳಿಸುವ ಮೊದಲು ಉಲ್ಟಾ ಓದಿ

ಬರೆದಾದ ಮೇಲೆ ಕೊನೆಯ ಉತ್ತರದಿಂದ ಮೇಲಕ್ಕೆ ಬನ್ನಿ. ಪ್ರತಿ ಉತ್ತರ ನೋಡಿ, "ಇದು ಯಾವ ಥರದ ಪ್ರಶ್ನೆಗೆ ಬರುವ ಉತ್ತರ?" ಅಂತ ಕೇಳಿಕೊಂಡು ಫೋಟೊದಲ್ಲಿ ಆ ನಂಬರಿಗೆ ಬೆರಳಿಡಿ. ಚದರ ಸೆಂ.ಮೀ. ಇದ್ದರೆ ಪ್ರಶ್ನೆಯಲ್ಲಿ ವಿಸ್ತೀರ್ಣ ಇರಬೇಕು. ಎರಡು ಬೆಲೆ ಇದ್ದರೆ ಮೂಲಗಳನ್ನು ಕೇಳಿರಬೇಕು. ಸಂಭವನೀಯತೆಯ ಪ್ರಶ್ನೆಗೆ 1ಕ್ಕಿಂತ ಜಾಸ್ತಿ ಉತ್ತರ ಬಂದಿದ್ದರೆ ಲೆಕ್ಕ ತಪ್ಪಿದೆ, ಇಲ್ಲವೇ ನಂಬರು ತಪ್ಪಿದೆ. ಮೇಲಿಂದ ಓದಿದರೆ ಮೊದಲು ಹಾಕಿದ ತಾಳಕ್ಕೇ ಕಣ್ಣು ಕುಣಿಯುತ್ತದೆ. ಕೆಳಗಿಂದ ಬಂದರೆ ಹಾಗಾಗುವುದಿಲ್ಲ.

ಜಾರಿದ್ದು ಗೊತ್ತಾದರೆ ಎಲ್ಲಿಂದ ಜಾರಿತು ಅಂತ ಹುಡುಕುವುದು ಸುಲಭ. ಎಲ್ಲಿಯವರೆಗೆ ಸರಿ ಇದೆ, ಎಲ್ಲಿಂದ ಒಂದೇ ಅಂತರದಲ್ಲಿ ತಪ್ಪಿದೆ ನೋಡಿ. ಉತ್ತರ ಕೆಳಗೆ ಜಾರಿದ್ದರೆ ಅಲ್ಲೊಂದು ಪ್ರಶ್ನೆ ಸೀಳಿ ಎರಡಾಗಿದೆ. ಮೇಲೆ ಏರಿದ್ದರೆ ಒಂದು ಬಿಟ್ಟುಹೋಗಿದೆ, ಇಲ್ಲವೇ ಎರಡು ಕೂಡಿಕೊಂಡಿವೆ. ಮುಂದೆಲ್ಲೋ ತಾನೇ ಸರಿಯಾಗಿದ್ದರೆ ಎರಡನೇ ತಪ್ಪೂ ಇದೆ, ಅದನ್ನೂ ಹುಡುಕಿ.

ಕಳಿಸಿದ ಮೇಲೆ ಗೊತ್ತಾದರೆ "8ರಿಂದ ಒಂದೊಂದು ಹಿಂದಕ್ಕೆ ಹಾಕಿಕೋ" ಅಂತ ಮಾತ್ರ ಹೇಳಬೇಡಿ. ನಾನು ಹೇಳಿದ್ದೆ. ಹುಡುಗಿ 12, 13, 14ನ್ನೂ ಹಿಂದಕ್ಕೆ ಹಾಕಿಕೊಂಡಳು, ಸರಿ ಇದ್ದದ್ದೂ ಕೆಟ್ಟಿತು. ಕೊನೆಗೆ ಹಳೆಯ ಮೆಸೇಜು ಅಳಿಸಿ, ಮೇಲೆ "ಹೊಸದು, ಹಳೆಯದು ಹೊಡೆದುಹಾಕು" ಅಂತ ಬರೆದು ಹದಿನಾಲ್ಕನ್ನೂ ಮತ್ತೆ ಕಳಿಸಿದೆ. ಮಳೆ ಬಿಟ್ಟ ಮೇಲೆ ಪಾಠಕ್ಕೆ ಬಂದಾಗ ಅವಳ ನೋಟ್‌ಬುಕ್ ನೋಡಿದೆ. ಎಂಟನೇ ಪ್ರಶ್ನೆಯ ಎದುರು 440 ಹೊಡೆದು 1 ಅಂತ ಬರೆದಿದ್ದಳು. ಏಳನೆಯದಕ್ಕೆ ಮಾತ್ರ 1540 ಹಾಗೇ ಉಳಿದಿತ್ತು.